ಸಾಲ ಹತ್ತಕ್ಕೆ, ಆದಾಯ ಹನ್ನೊಂದೂವರೆಗೆ: ಒಂದು ಫೌಂಡ್ರಿಯ ಬಂಡವಾಳದ ಲೆಕ್ಕ

ಬೆಳಗಾವಿಯ ಉದ್ಯಮಬಾಗ್, ಮಚ್ಛೆ ಕಡೆ ಹೋದರೆ ಫೌಂಡ್ರಿಗಳು ಬೇಕಾದಷ್ಟು ಸಿಗುತ್ತವೆ. ಪಂಪಿನ ಕೇಸಿಂಗ್, ಹೈಡ್ರಾಲಿಕ್ ವಾಲ್ವಿನ ಬಾಡಿ, ಟ್ರ್ಯಾಕ್ಟರ್ ಬಿಡಿಭಾಗ ಎರಕ ಹೊಯ್ಯುವ ಕಾರ್ಖಾನೆಗಳು. ಹೆಚ್ಚಿನವು ಮನೆತನದ ಕಂಪನಿಗಳು. ಅಂಥ ಒಂದು ಕಂಪನಿಯನ್ನು ಮಾದರಿಯಾಗಿ ಕಟ್ಟಿಕೊಂಡು ಈ ಪ್ರಕರಣ ಬರೆಯುತ್ತಿದ್ದೇನೆ. ಕಂಪನಿಯ ಅಂಕಿಗಳು ನಾನು ಜೋಡಿಸಿದವು, ತೆರಿಗೆ ನಿಯಮಗಳು ಮಾತ್ರ ನಿಜವಾದವು. ಬ್ಯಾಂಕಿನ ಬಡ್ಡಿಯನ್ನೇ ಬಂಡವಾಳದ ವೆಚ್ಚ ಅಂದುಕೊಂಡರೆ ಎಲ್ಲಿ ಕಾಲು ಜಾರುತ್ತದೆ ಅನ್ನೋದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಕಂಪನಿ ಎರಕದ ಅಚ್ಚು ತಯಾರಿಸುವ ಹೊಸ ಮೋಲ್ಡಿಂಗ್ ಲೈನ್ ಹಾಕಬೇಕು ಅಂತಿದೆ. ಖರ್ಚು 20 ಕೋಟಿ ರೂಪಾಯಿ. ಬ್ಯಾಂಕು 15 ಕೋಟಿ ಟರ್ಮ್ ಲೋನ್ ಕೊಡಲು ಒಪ್ಪಿದೆ, ಬಡ್ಡಿ 10%. ಉಳಿದ 5 ಕೋಟಿ ಕಂಪನಿಯ ಕೈಯಿಂದ. ಲೈನ್ ಓಡಲು ಶುರುವಾದರೆ ಬಡ್ಡಿ, ಸವಕಳಿ, ತೆರಿಗೆಗೆ ಮುಂಚಿನ ಲಾಭ ವರ್ಷಕ್ಕೆ 4 ಕೋಟಿ ಅಂತ ಅಂದಾಜು. ಹತ್ತು ವರ್ಷ ಓಡುತ್ತದೆ. ಸವಕಳಿಯನ್ನು ವರ್ಷಕ್ಕೆ 2 ಕೋಟಿಯಂತೆ ಸಮವಾಗಿ ಹಂಚಿದ್ದೇನೆ. ಆದಾಯ ತೆರಿಗೆಯಲ್ಲಿ ಯಂತ್ರಗಳಿಗೆ ಸಾಮಾನ್ಯವಾಗಿ 15%ರಂತೆ ಉಳಿದ ಬೆಲೆಯ ಮೇಲೆ ಸವಕಳಿ ಸಿಗುತ್ತದೆ. ಚಾಲ್ತಿ ಬಂಡವಾಳದ ಏರಿಳಿತವೂ ಇರುತ್ತದೆ. ಮುಖ್ಯ ವಿಷಯ ಮರೆಯಾಗಬಾರದು ಅಂತ ಇವೆರಡನ್ನೂ ಪಕ್ಕಕ್ಕಿಟ್ಟಿದ್ದೇನೆ.

ಕಂಪನಿ 1961ರ ಆದಾಯ ತೆರಿಗೆ ಕಾಯ್ದೆಯ 115ಬಿಎಎ ಸೆಕ್ಷನ್ ಆರಿಸಿಕೊಂಡಿದೆ. 2019ರ ಸೆಪ್ಟೆಂಬರಿನಲ್ಲಿ ಬಂದ ಈ ಆಯ್ಕೆಯಲ್ಲಿ ತೆರಿಗೆ 22%. ಅದರ ಮೇಲೆ 10% ಸರ್‌ಚಾರ್ಜ್, ಆಮೇಲೆ 4% ಸೆಸ್. ಎಲ್ಲ ಸೇರಿ 25.168%. ಈ ಅಂಕಿ ಮುಂದೆ ಪದೇ ಪದೇ ಬರುತ್ತದೆ.

ಹಾಗಾದರೆ ಲೈನಿನಿಂದ ವರ್ಷಕ್ಕೆ ಕೈಗೆ ಬರುವ ಹಣ ಇಷ್ಟು: 4 ಕೋಟಿಯಲ್ಲಿ ಸವಕಳಿ ಕಳೆದರೆ 2 ಕೋಟಿ, ಅದರ ಮೇಲೆ ತೆರಿಗೆ ಸುಮಾರು 50 ಲಕ್ಷ, ಉಳಿದದ್ದು 3.5 ಕೋಟಿ. 20 ಕೋಟಿ ಹಾಕಿ ಹತ್ತು ವರ್ಷ 3.5 ಕೋಟಿಯಂತೆ ಪಡೆದರೆ ಆದಾಯದ ದರ ಸುಮಾರು 11.7%.

ಕಂಪನಿಯ ಮಾಲೀಕರಾದ ಅಣ್ಣತಮ್ಮಂದಿರಲ್ಲಿ ಹಿರಿಯರು, ದೊಡ್ಡ ಸಾಹುಕಾರರು. ಅವರ ವಾದ ನೇರವಾಗಿದೆ. "ಬ್ಯಾಂಕಿನವ್ರು ಹತ್ತಕ್ಕ ಕೊಡ್ತಾರ, ಲೈನ್ ಹನ್ನೊಂದುವರಿ ದುಡೀತೈತಿ. ಮತ್ತೇನ್ ಬೇಕ್ರಿ?"

ಅಕೌಂಟ್ಸ್ ವಿಭಾಗ ಈ ವಾದಕ್ಕೆ ಒಂದು ಶೀಟ್ ಕೂಡ ಮಾಡಿ ಕೊಟ್ಟಿತು. ಸಾಲದ ಪಾಲು 75%, ಸ್ವಂತ ಹಣದ ಪಾಲು 25%. ಸ್ವಂತ ಹಣಕ್ಕೆ ಎಷ್ಟು ಆದಾಯ ಬೇಕು ಅಂತ ಕೇಳಿದಾಗ ಸಾಹುಕಾರರು 16% ಅಂದರು. ಬಡ್ಡಿ ಖರ್ಚಾಗಿ ಹೋಗುವುದರಿಂದ ತೆರಿಗೆ ಉಳಿಯುತ್ತದೆ, ಆದ್ದರಿಂದ 10% ಬಡ್ಡಿ ತೆರಿಗೆಯ ನಂತರ 7.48% ಬೀಳುತ್ತದೆ.

```
0.75 × 7.48%  = 5.61%
0.25 × 16%    = 4.00%
ಸರಾಸರಿ ವೆಚ್ಚ    = 9.61%
```

ಆ ಹತ್ತು ವರ್ಷದ ಹಣವನ್ನು ವರ್ಷಕ್ಕೆ 9.61%ರಂತೆ ತಗ್ಗಿಸಿ ಇವತ್ತಿನ ಬೆಲೆಗೆ ತಂದರೆ 21.87 ಕೋಟಿ. ಹಾಕುವುದು 20 ಕೋಟಿ. 1.87 ಕೋಟಿ ಲಾಭ ಅಂತ ಶೀಟ್ ಹೇಳಿತು.

ಸೂತ್ರ ಸರಿಯಾಗಿಯೇ ಇದೆ. ಬಂಡವಾಳದ ಸರಾಸರಿ ವೆಚ್ಚ ಅಂದರೆ ಇದೇ: ಸಾಲದ ತೆರಿಗೆ ನಂತರದ ದರ, ಸ್ವಂತ ಬಂಡವಾಳದ ದರ, ಎರಡನ್ನೂ ಅವುಗಳ ಪಾಲಿನಂತೆ ಸೇರಿಸುವುದು. ಆದರೆ ಒಳಗೆ ಹಾಕಿದ ಎರಡು ಅಂಕಿಗಳು ತಪ್ಪು. ಒಂದು 75%, ಇನ್ನೊಂದು 16%. ಒಂದು ತಪ್ಪಿನ ಹಿಂದೆಯೇ ಇನ್ನೊಂದು ಬಂದಿದೆ.

ಮೊದಲು 75% ನೋಡೋಣ. ಬ್ಯಾಂಕು ಈ ಲೈನನ್ನು ನೋಡಿ 15 ಕೋಟಿ ಕೊಡುತ್ತಿದೆಯಾ? ಸ್ಯಾಂಕ್ಷನ್ ಲೆಟರ್ ತೆಗೆದು ಓದಿದರೆ ಉತ್ತರ ಅಲ್ಲೇ ಇದೆ. ಹೊಸ ಯಂತ್ರದ ಮೇಲೆ ಹೈಪಾಥಿಕೇಶನ್ ಇದೆ. ಅದರ ಜೊತೆಗೆ ಹಳೆ ಕಾರ್ಖಾನೆಯ ಜಾಗ ಮತ್ತು ಕಟ್ಟಡ ಅಡ ಇಡಬೇಕು. ಇಬ್ಬರು ಅಣ್ಣತಮ್ಮಂದಿರೂ ಪರ್ಸನಲ್ ಗ್ಯಾರಂಟಿ ಬರೆದುಕೊಡಬೇಕು. ಅಂದರೆ 10% ಬಡ್ಡಿ ಈ ಲೈನಿನ ಯೋಗ್ಯತೆಗೆ ಸಿಕ್ಕಿದ್ದಲ್ಲ. ಇಡೀ ಕಂಪನಿಯ, ಮನೆತನದ ಆಸ್ತಿಯ ಬಲಕ್ಕೆ ಸಿಕ್ಕಿದ್ದು. ಮೋಲ್ಡಿಂಗ್ ಲೈನನ್ನಷ್ಟೇ ಒಂದು ಬೇರೆ ಕಂಪನಿಯಾಗಿ ನಿಲ್ಲಿಸಿ, ಬೇರೆ ಯಾವ ಭದ್ರತೆಯೂ ಇಲ್ಲದೆ 15 ಕೋಟಿ ಕೇಳಿದರೆ ಯಾವ ಬ್ಯಾಂಕೂ ಹತ್ತಕ್ಕೆ ಕೊಡುವುದಿಲ್ಲ.

ಇನ್ನೊಂದು ಮಾತೂ ಇದೆ. ಈ ವರ್ಷ ಸಾಲದ ಶಕ್ತಿಯನ್ನೆಲ್ಲ ಮೋಲ್ಡಿಂಗ್ ಲೈನಿಗೆ ಬಳಸಿದರೆ, ಇನ್ನೆರಡು ವರ್ಷಕ್ಕೆ ಇಂಡಕ್ಷನ್ ಫರ್ನೇಸ್ ಬದಲಿಸಬೇಕಾದಾಗ ಬ್ಯಾಂಕು ಬಾಗಿಲು ತೆರೆಯುವುದಿಲ್ಲ. ಆಗ ಫರ್ನೇಸಿಗೆ ಪೂರ್ತಿ ಸ್ವಂತ ಹಣ ಹಾಕಬೇಕು. ಅದೇ ಶೀಟನ್ನು ಆಗ ಬಳಸಿದರೆ ಫರ್ನೇಸಿನ ಬಂಡವಾಳ ವೆಚ್ಚ 16% ಅಂತ ಬರುತ್ತದೆ. ಎರಡೂ ಒಂದೇ ಷೆಡ್ಡಿನಲ್ಲಿ ಒಂದೇ ಎರಕ ಮಾಡುವ ಯಂತ್ರಗಳು. ಒಂದಕ್ಕೆ 9.61%, ಇನ್ನೊಂದಕ್ಕೆ 16% ಅಂದರೆ ಅದು ಯಂತ್ರದ ಲೆಕ್ಕ ಅಲ್ಲ, ಸರದಿಯ ಲೆಕ್ಕ. ಮೊದಲು ಬಂದ ಯಂತ್ರ ಪಾಸ್, ಆಮೇಲೆ ಬಂದ ಯಂತ್ರ ಫೇಲ್.

ಇದಕ್ಕೇ ಟಾರ್ಗೆಟ್ ಕ್ಯಾಪಿಟಲ್ ಸ್ಟ್ರಕ್ಚರ್ ಬೇಕಾಗುವುದು. ಒಂದೊಂದು ಯಂತ್ರಕ್ಕೆ ಯಾವ ಹಣ ಬಂತು ಅಂತ ನೋಡುವುದಲ್ಲ. ಕಂಪನಿ ವರ್ಷಾನುಗಟ್ಟಲೆ ಯಾವ ಅನುಪಾತದಲ್ಲಿ ಸಾಲ ಇಟ್ಟುಕೊಳ್ಳಲು ತೀರ್ಮಾನಿಸಿದೆ ಅಂತ ನೋಡುವುದು. ಆ ಅನುಪಾತವನ್ನೇ ಎಲ್ಲ ಯಂತ್ರಕ್ಕೂ ಹಾಕುವುದು.

ಈ ಕಂಪನಿಗೆ ಆ ಅನುಪಾತ ಎಷ್ಟು? ಬ್ಯಾಲೆನ್ಸ್ ಶೀಟ್ ತೆಗೆದರೆ ಸಾಲ 24 ಕೋಟಿ, ಸ್ವಂತ ಬಂಡವಾಳ 20 ಕೋಟಿ. ಸಾಲದ ಪಾಲು 55% ಅಂತ ಕಾಣುತ್ತದೆ. ಆದರೆ ಆ 20 ಕೋಟಿ ಹಳೆ ಲೆಕ್ಕ. ಷೇರು ಹಣ ಮತ್ತು ಇಷ್ಟು ವರ್ಷ ಒಳಗೇ ಉಳಿಸಿದ ಲಾಭ ಮಾತ್ರ ಅದರಲ್ಲಿದೆ. ಈ ವ್ಯವಹಾರವನ್ನು ಇವತ್ತು ಯಾರಾದರೂ ಕೊಳ್ಳಲು ಬಂದರೆ ಸಾಲ ಬಿಟ್ಟು 56 ಕೋಟಿಗೆ ಬೆಲೆ ಕಟ್ಟಬಹುದು ಅನ್ನುವುದು ಅಂದಾಜು. ಆ ಬೆಲೆಯಲ್ಲಿ ಒಟ್ಟು ಮೌಲ್ಯ 80 ಕೋಟಿ, ಸಾಲದ ಪಾಲು 30%. ಹಣ ಹಾಕಿದವರಿಗೆ ಆದಾಯ ಬೇಕಾಗಿರುವುದು ಇವತ್ತಿನ ಬೆಲೆಯ ಮೇಲೆ, 1990ರ ದಶಕದಲ್ಲಿ ಷೇರು ಬರೆದಾಗಿನ ಬೆಲೆಯ ಮೇಲಲ್ಲ. ಹಾಗಾಗಿ ಪಾಲುಗಳನ್ನೂ ಇವತ್ತಿನ ಬೆಲೆಯಲ್ಲೇ ಹಾಕಬೇಕು.

30% ಅನ್ನುವುದು ಇವತ್ತು ಹೇಗೋ ಬಂದ ಅಂಕಿ ಮಾತ್ರ ಆಗಿದ್ದರೆ ಸಾಲದು, ಅದನ್ನು ಪರೀಕ್ಷೆ ಮಾಡಬೇಕು. ಇಲ್ಲಿ ಮಾಡಿದ ಪರೀಕ್ಷೆ ಸರಳ. ಟ್ರ್ಯಾಕ್ಟರ್ ಆರ್ಡರು ಮಳೆಯನ್ನು ನಂಬಿಕೊಂಡಿರುತ್ತದೆ. ಮಳೆ ಕೈಕೊಟ್ಟು ಮಾರಾಟ ಮೂರರಲ್ಲಿ ಒಂದು ಪಾಲು ಬಿದ್ದ ವರ್ಷದಲ್ಲೂ ಕಂತು, ಬಡ್ಡಿ ಎರಡೂ ಕಟ್ಟಲು ಆಗಬೇಕು. ಆ ಮಟ್ಟಿಗೆ 30% ನಿಲ್ಲುತ್ತದೆ, 40% ದಾಟಿದರೆ ನಿಲ್ಲುವುದಿಲ್ಲ. ಹೊಸ ಸಾಲ ಸೇರಿದ ಮೊದಲ ವರ್ಷ ಒಟ್ಟು ಸಾಲ 39 ಕೋಟಿ ಆಗುತ್ತದೆ, ಪಾಲು 39%ರ ಹತ್ತಿರ ಹೋಗುತ್ತದೆ. ಅದು ತಾತ್ಕಾಲಿಕ. ಕಂತು ಕಟ್ಟುತ್ತಾ ಎರಡು ಮೂರು ವರ್ಷದಲ್ಲಿ 30%ಗೆ ಮರಳುವುದು ಅಂತ ಮನೆಯವರೆಲ್ಲ ಒಪ್ಪಿದರೆ ಮಾತ್ರ 30% ಅನ್ನುವುದು ಗುರಿ. ಇಲ್ಲದಿದ್ದರೆ ಅದು ಶೀಟಿನಲ್ಲಿರುವ ಒಂದು ಅಂಕಿ ಅಷ್ಟೇ.

ಈಗ 16% ನೋಡೋಣ. ನನ್ನ ಪ್ರಕಾರ ಇಡೀ ಪ್ರಕರಣದ ಜೀವ ಇಲ್ಲಿದೆ.

ಸಾಲವೇ ಇಲ್ಲದಿದ್ದರೆ ಈ ಫೌಂಡ್ರಿ ವ್ಯವಹಾರಕ್ಕೆ ಎಷ್ಟು ಆದಾಯ ಕೇಳಬೇಕು? ಅದನ್ನು ಕಂಡುಹಿಡಿಯಲು ಷೇರುಪೇಟೆಯಲ್ಲಿರುವ ಎರಕ ಕಂಪನಿಗಳ ಬೀಟಾ ನೋಡಬೇಕು. ಪೇಟೆ 1% ಅಲುಗಿದರೆ ಆ ಷೇರು ಎಷ್ಟು ಪರ್ಸೆಂಟ್ ಅಲುಗುತ್ತದೆ ಅನ್ನುವ ಅಳತೆ ಅದು. ಅಂಥ ಕಂಪನಿಗಳ ಬೀಟಾ 1.15, ಅವುಗಳ ಸಾಲದ ಪಾಲು 20% ಅಂತ ಇಟ್ಟುಕೊಳ್ಳೋಣ. ಆ 1.15ರೊಳಗೆ ಅವುಗಳ ಸಾಲದ ಅಪಾಯವೂ ಸೇರಿದೆ, ಅದನ್ನು ಬಿಡಿಸಬೇಕು. ಸಾಲಕ್ಕೂ ಸ್ವಲ್ಪ ಅಪಾಯ ಇರುತ್ತದೆ, ಅದರ ಬೀಟಾ 0.4 ಅಂದರೆ 0.8 × 1.15 ಮತ್ತು 0.2 × 0.4 ಸೇರಿ ವ್ಯವಹಾರದ ಬೀಟಾ ಸರಿಯಾಗಿ 1 ಬರುತ್ತದೆ. ಸರ್ಕಾರಿ ಬಾಂಡಿನ ಆದಾಯ 7%, ಷೇರುಪೇಟೆಯ ಅಪಾಯಕ್ಕೆ ಹೆಚ್ಚುವರಿ 7% ಅಂತ ಹಿಡಿದರೆ, ಸಾಲವಿಲ್ಲದ ಫೌಂಡ್ರಿಗೆ ಬೇಕಾದ ಆದಾಯ 14%.

ಈ 14% ಎರಕದ ವ್ಯವಹಾರದ್ದು. ಸಾಲ ತಂದ ಮಾತ್ರಕ್ಕೆ ಕುಲುಮೆಯ ಅಪಾಯ ಕಡಿಮೆ ಆಗುವುದಿಲ್ಲ. ಪಿಗ್ ಐರನ್ ರೇಟು ಏರುವುದು, ಗಿರಾಕಿ ಆರ್ಡರ್ ತಡೆಯುವುದು, ರಿಜೆಕ್ಷನ್ ಜಾಸ್ತಿ ಆಗುವುದು ಹಾಗೇ ಇರುತ್ತವೆ. ಬ್ಯಾಂಕು ತನ್ನ 10%ನ್ನು ಮೊದಲು ಎತ್ತಿಕೊಳ್ಳುತ್ತದೆ, ಏರಿಳಿತವೆಲ್ಲ ಉಳಿದ ಚಿಕ್ಕ ಪಾಲಿನ ಮೇಲೆ ಬೀಳುತ್ತದೆ. ಆ ಪಾಲಿನ ಮಾಲೀಕರು ಜಾಸ್ತಿ ಆದಾಯ ಕೇಳಲೇಬೇಕು. ಎಷ್ಟು ಜಾಸ್ತಿ ಅಂದರೆ:

```
ಸ್ವಂತ ಬಂಡವಾಳದ ದರ = 14% + (14% − 10%) × ಸಾಲ ÷ ಸ್ವಂತ ಹಣ

30% ಸಾಲ ಇದ್ದಾಗ: 14% + 4% × 30/70 = 15.71%
75% ಸಾಲ ಇದ್ದಾಗ: 14% + 4% × 75/25 = 26.00%
```

ಅಂದರೆ ಸಾಹುಕಾರರು ಹೇಳಿದ 16% ಸುಮ್ನೆ ಬಾಯಿಗೆ ಬಂದದ್ದಲ್ಲ. 30% ಸಾಲದ ಕಂಪನಿಗೆ ಅದು ಹೆಚ್ಚುಕಡಿಮೆ ಸರಿಯಾದ ಅಂಕಿ, ಅವರ ಅನುಭವ ಸರಿಯಾಗಿಯೇ ಹೇಳಿದೆ. ತಪ್ಪಾದದ್ದು, ಅದೇ ಅಂಕಿಯನ್ನು 75% ಸಾಲದ ಪಕ್ಕದಲ್ಲಿ ತಂದು ಕೂರಿಸಿದ್ದು. ಅಷ್ಟು ಸಾಲ ಹೊತ್ತ ಕಂಪನಿಯ ಷೇರಿಗೆ 26% ಕೇಳಬೇಕಿತ್ತು.

ಈಗ ಸರಿಯಾದ ಜೋಡಿ ಹಾಕೋಣ. 70% ಪಾಲಿಗೆ 15.71%, ಅದು 11%. 30% ಪಾಲಿಗೆ 7.48%, ಅದು 2.245%. ಒಟ್ಟು 13.245%.

ಇದೇ ಉತ್ತರಕ್ಕೆ ಇನ್ನೊಂದು ಹತ್ತಿರದ ದಾರಿ ಇದೆ. ನನಗೆ ಇದು ಬಹಳ ಇಷ್ಟ, ಯಾಕೆಂದರೆ ಸಾಲ ನಿಜವಾಗಿ ಏನು ಕೊಟ್ಟಿತು ಅನ್ನುವುದು ಇದರಲ್ಲಿ ಬೇರೆಯಾಗಿ ಕಾಣುತ್ತದೆ.

```
ಸರಾಸರಿ ವೆಚ್ಚ = 14% − (ತೆರಿಗೆ ದರ × ಬಡ್ಡಿ ದರ × ಸಾಲದ ಪಾಲು)
         = 14% − (0.25168 × 10% × 0.30)
         = 14% − 0.755% = 13.245%
```

ಸಾಲದಿಂದ ಬಂದ ಉಳಿತಾಯ 0.755% ಮಾತ್ರ. ಅಷ್ಟೂ ತೆರಿಗೆಯಿಂದ ಬಂದದ್ದು. 14%ಗಿಂತ 10% ಅಗ್ಗ ಅಲ್ವಾ ಅನ್ನುವ ಲಾಭವನ್ನೆಲ್ಲ ಸ್ವಂತ ಹಣ ದುಬಾರಿಯಾಗಿ ನುಂಗಿಬಿಟ್ಟಿದೆ. ತೆರಿಗೆ ಇಲ್ಲದ ಲೋಕದಲ್ಲಿ ಸಾಲದ ಪಾಲು ಎಷ್ಟಾದರೂ ಕಂಪನಿಯ ಒಟ್ಟು ಬೆಲೆ ಬದಲಾಗುವುದಿಲ್ಲ ಅಂತ ಫ್ರಾಂಕೊ ಮೊಡಿಗ್ಲಿಯಾನಿ ಮತ್ತು ಮರ್ಟನ್ ಮಿಲ್ಲರ್ 1958ರಲ್ಲಿ ತೋರಿಸಿದರು. 1963ರಲ್ಲಿ ತೆರಿಗೆಯ ಭಾಗವನ್ನು ತಿದ್ದಿ ಬರೆದರು. ಮೇಲಿನ ಸಾಲುಗಳಲ್ಲಿ ಇರುವುದು ಅದೇ ತಿರುಳು, ಸಾಲದ ಪಾಲನ್ನು ಸ್ಥಿರವಾಗಿ ಕಾಯ್ದುಕೊಳ್ಳುವ ಕಂಪನಿಗೆ ಹೊಂದಿಸಿದ್ದು.

13.245%ರಲ್ಲಿ ಲೈನಿನ ಹತ್ತು ವರ್ಷದ ಹಣ ಇವತ್ತಿಗೆ 18.81 ಕೋಟಿ ಬೆಲೆ ಬಾಳುತ್ತದೆ. ಹಾಕುವುದು 20 ಕೋಟಿ. 1.19 ಕೋಟಿ ನಷ್ಟ. ಹೋಗಲಿ, 75% ಸಾಲವನ್ನೇ ಹತ್ತೂ ವರ್ಷ ಇಟ್ಟುಕೊಳ್ಳುತ್ತೇವೆ, ಬ್ಯಾಂಕೂ ಬಡ್ಡಿ ಏರಿಸುವುದಿಲ್ಲ ಅಂತ ಒಪ್ಪಿಕೊಂಡರೂ ಸರಾಸರಿ ವೆಚ್ಚ 14ರಲ್ಲಿ 1.89 ಕಳೆದು 12.11% ಆಗುತ್ತದೆ. ಲೈನ್ ದುಡಿಯುವುದು 11.7%. ಆಗಲೂ ಸುಮಾರು 30 ಲಕ್ಷ ಕಡಿಮೆ ಬೀಳುತ್ತದೆ.

ಉತ್ತರ ಮೈನಸ್ ಬಂದ ಮೇಲೆ ಇಂಥ ಕಡೆ ಸಾಮಾನ್ಯವಾಗಿ ಆಗುವುದೇ ಇಲ್ಲೂ ಆಯಿತು. ಎರಡನೇ ಶೀಟ್ ಬಂತು. "ತೆರಿಗೆ ನಾವು ನಿಜವಾಗಿ ಕಟ್ಟೋದು ಇಷ್ಟಲ್ಲ ಸರ್, ಬಡ್ಡಿ ಕಳೆದ ಮೇಲೆ ಕಟ್ಟೋದು" ಅಂತ ಅಕೌಂಟ್ಸ್‌ನವರು ತೆರಿಗೆ ಸಾಲನ್ನು ತಿದ್ದಿದ್ದರು. 2 ಕೋಟಿಯಲ್ಲಿ 1.5 ಕೋಟಿ ಬಡ್ಡಿ ಕಳೆದು, ಉಳಿದ 50 ಲಕ್ಷಕ್ಕೆ ತೆರಿಗೆ 12.6 ಲಕ್ಷ. ಹಿಂದಿನ ಶೀಟಿನಲ್ಲಿ 50.3 ಲಕ್ಷ ಇತ್ತು. ವರ್ಷಕ್ಕೆ 37.7 ಲಕ್ಷ ಉಳಿಯಿತು. ಆ ಸೂತ್ರವನ್ನು ಹತ್ತನೇ ವರ್ಷದ ತನಕ ಎಳೆದಿದ್ದರು. ಲೈನ್ ಮತ್ತೆ ಪಾಸಾಯಿತು, ಈ ಸಲ 84 ಲಕ್ಷ ಲಾಭ.

ಅವರು ಹೇಳಿದ್ದು ಸುಳ್ಳಲ್ಲ. ತೆರಿಗೆ ಚಲನ್ನಿನಲ್ಲಿ ಕಟ್ಟುವುದು ಬಡ್ಡಿ ಕಳೆದ ನಂತರದ ಮೊತ್ತವೇ. ಆದರೆ ಆ ಉಳಿತಾಯವನ್ನು 10% ಬಡ್ಡಿಯನ್ನು 7.48% ಮಾಡಿದಾಗಲೇ ಎಣಿಸಿ ಆಗಿದೆ. ಈಗ ಹಣದ ಸಾಲಿನಲ್ಲಿ ಮತ್ತೆ ಎಣಿಸಿದರೆ ಒಂದೇ ಉಳಿತಾಯಕ್ಕೆ ಎರಡು ಸಲ ಲಾಭ ಬರೆದಂತೆ. ತೆರಿಗೆ ನಂತರದ ಸರಾಸರಿ ವೆಚ್ಚ ಬಳಸುವಾಗ ಹಣದ ಸಾಲಿನಲ್ಲಿ ಕಂಪನಿಗೆ ಸಾಲವೇ ಇಲ್ಲ ಅನ್ನುವಂತೆ ತೆರಿಗೆ ಹಾಕಬೇಕು. ಇದನ್ನು ಪತ್ತೆ ಮಾಡುವುದು ಸುಲಭ. ತೆರಿಗೆಯನ್ನು ಬಡ್ಡಿಗೆ ಮುಂಚಿನ ಲಾಭದಿಂದ ಭಾಗಿಸಿ. ಇಲ್ಲಿ 12.6ನ್ನು 200ರಿಂದ ಭಾಗಿಸಿದರೆ 6.3% ಬರುತ್ತದೆ. 25.168% ಬರಬೇಕಿತ್ತು. ಕಡಿಮೆ ಬಂದರೆ ಬಡ್ಡಿ ಒಳಗೆ ನುಗ್ಗಿದೆ ಅಂತ ತಿಳಿಯಬೇಕು. ಎರಡನೇ ತಪ್ಪೂ ಅದೇ ಸಾಲಿನಲ್ಲಿದೆ: ಅಸಲು ತೀರುತ್ತಾ ಬಂದರೂ ಬಡ್ಡಿ ಹತ್ತು ವರ್ಷವೂ 1.5 ಕೋಟಿ ಇರುವಂತೆ ತೋರಿಸಿದ್ದು.

ಸಾಹುಕಾರರ ತಮ್ಮನಿಗೆ ಆದರೂ ಸಮಾಧಾನ ಆಗಲಿಲ್ಲ. 15 ಕೋಟಿ ನಿಜವಾಗಿ ತರುತ್ತಿದ್ದೇವೆ, 30% ಲೆಕ್ಕದಲ್ಲಿ 6 ಕೋಟಿಯ ತೆರಿಗೆ ಉಳಿತಾಯ ಮಾತ್ರ ಯಾಕೆ ಕೊಡುತ್ತೀರಿ ಅನ್ನುವುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದು. ಸಾಲಕ್ಕೆ ಗಟ್ಟಿಯಾದ ಕಂತಿನ ಪಟ್ಟಿ ಇದ್ದಾಗ ಉಳಿತಾಯವನ್ನು ಬೇರೆಯಾಗಿಯೇ ಲೆಕ್ಕ ಹಾಕಿ ಉತ್ತರ ಕೊಡಬಹುದು. ಮೊದಲು ಸಾಲವೇ ಇಲ್ಲ ಅಂತ 14%ರಲ್ಲಿ ಬೆಲೆ ಕಟ್ಟಿದರೆ 18.26 ಕೋಟಿ, ಅಂದರೆ 1.74 ಕೋಟಿ ಕೊರತೆ. ಆಮೇಲೆ ಐದು ವರ್ಷದಲ್ಲಿ ಸಮ ಕಂತಿನಲ್ಲಿ ತೀರುವ 15 ಕೋಟಿಯ ಬಡ್ಡಿ ಬರೆಯಬೇಕು: 1.5, 1.2, 0.9, 0.6, 0.3 ಕೋಟಿ. ಒಂದೊಂದಕ್ಕೂ 25.168% ತೆರಿಗೆ ಉಳಿತಾಯ ತೆಗೆದು 10%ರಲ್ಲಿ ಇವತ್ತಿಗೆ ತಂದರೆ ಒಟ್ಟು 91 ಲಕ್ಷ. ಪೂರ್ತಿ ಸಾಲದ ಪೂರ್ತಿ ಉಳಿತಾಯವನ್ನೂ ಈ ಲೈನಿಗೇ ಕೊಟ್ಟ ಮೇಲೂ ಕೊರತೆ 83 ಲಕ್ಷ ಉಳಿಯುತ್ತದೆ. ಸಾಲದ ಪಾಲು ಸ್ಥಿರವಾಗಿದ್ದರೆ ಸರಾಸರಿ ವೆಚ್ಚದ ದಾರಿ, ಸಾಲದ ಮೊತ್ತ ಮತ್ತು ಕಂತು ಗೊತ್ತಿದ್ದರೆ ಈ ದಾರಿ. ಎರಡೂ ಹಾಕಿ ನೋಡಿದಾಗ ಉತ್ತರ ಒಂದೇ ಕಡೆ ಬಿದ್ದರೆ ಧೈರ್ಯವಾಗಿ ಮಾತಾಡಬಹುದು.

ಈ 91 ಲಕ್ಷವೂ ಸುಮ್ನೆ ಕೈಗೆ ಬರುವುದಿಲ್ಲ. ಯಂತ್ರ ಬಳಕೆಗೆ ಬರುವ ದಿನದ ತನಕದ ಬಡ್ಡಿಯನ್ನು ಆ ವರ್ಷದ ಖರ್ಚಾಗಿ ಕಳೆಯಲು ಆದಾಯ ತೆರಿಗೆ ಬಿಡುವುದಿಲ್ಲ. ಅದು ಯಂತ್ರದ ಬೆಲೆಗೆ ಸೇರುತ್ತದೆ, ಸವಕಳಿಯ ಮೂಲಕ ನಿಧಾನವಾಗಿ ಸಿಗುತ್ತದೆ. ಲೈನ್ ನಿಲ್ಲಿಸಿ ಟ್ರಯಲ್ ಮುಗಿಸಲು ಒಂಬತ್ತು ತಿಂಗಳು ಹಿಡಿದರೆ, ಅಷ್ಟು ತಿಂಗಳ ಬಡ್ಡಿಯ ತೆರಿಗೆ ಉಳಿತಾಯ ಮುಂದಿನ ವರ್ಷಗಳಿಗೆ ಹರಡಿಕೊಳ್ಳುತ್ತದೆ. ಇನ್ನು 1961ರ ಕಾಯ್ದೆಯ 43ಬಿ ಸೆಕ್ಷನ್ ಪ್ರಕಾರ ಬ್ಯಾಂಕಿನ ಬಡ್ಡಿ ನಿಜವಾಗಿ ಕಟ್ಟಿದರೆ ಮಾತ್ರ ಕಳೆಯಬಹುದು. ಕಟ್ಟಲಾಗದ ಬಡ್ಡಿಯನ್ನು ಬ್ಯಾಂಕು ಹೊಸ ಸಾಲವಾಗಿ ಬರೆದುಕೊಂಡರೆ ಅದು ಕಟ್ಟಿದ ಲೆಕ್ಕ ಆಗುವುದಿಲ್ಲ. ಕಷ್ಟದ ವರ್ಷದಲ್ಲಿ ಇದು ಎರಡು ಕಡೆಯಿಂದ ಹೊಡೆಯುತ್ತದೆ: ಲಾಭವೇ ಇಲ್ಲದಿದ್ದರೆ ಉಳಿಸಲು ತೆರಿಗೆಯೇ ಇಲ್ಲ, ಬಡ್ಡಿ ಬಾಕಿ ಬಿದ್ದರೆ ಕಳೆಯಲು ಅವಕಾಶವೂ ಇಲ್ಲ. ಸೂತ್ರದಲ್ಲಿ ತೆರಿಗೆ ದರ ಹಾಕುವಾಗ ಕಂಪನಿ ಪ್ರತಿ ವರ್ಷ ಲಾಭದಲ್ಲಿರುತ್ತದೆ, ಬಡ್ಡಿ ಸಮಯಕ್ಕೆ ಕಟ್ಟುತ್ತದೆ ಅಂತ ಒಪ್ಪಿಕೊಂಡೇ ಹಾಕಿರುತ್ತೇವೆ. ಹಳೆ ನಷ್ಟ ಹೊತ್ತಿರುವ ಕಂಪನಿಗೆ 25.168% ಹಾಗೇ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ತೆರಿಗೆ ದರ ಇಳಿದರೆ ಈ ಉಳಿತಾಯವೂ ಇಳಿಯುತ್ತದೆ ಅನ್ನುವುದು ಹಲವರ ಗಮನಕ್ಕೆ ಬರುವುದಿಲ್ಲ. ಹಳೆ ಪದ್ಧತಿಯಲ್ಲಿ ದೊಡ್ಡ ಕಂಪನಿಗಳು 34.944% ಕಟ್ಟುತ್ತಿದ್ದವು. ಅದೇ ದರ ಇಲ್ಲಿ ಹಾಕಿದರೆ ಸರಾಸರಿ ವೆಚ್ಚ 12.95% ಆಗುತ್ತಿತ್ತು. 115ಬಿಎಎಗೆ ಬಂದ ಮೇಲೆ ಕಂಪನಿಯ ಕೈಯಲ್ಲಿ ಲಾಭ ಜಾಸ್ತಿ ಉಳಿಯುತ್ತದೆ, ಆದರೆ ಸಾಲ ಮೊದಲಿನಷ್ಟು ತೆರಿಗೆ ಉಳಿಸುವುದಿಲ್ಲ. 2019ಕ್ಕೆ ಮುಂಚೆ ನಿಗದಿ ಮಾಡಿದ ಸಾಲದ ಗುರಿಯನ್ನು ಇನ್ನೂ ಹಾಗೇ ಇಟ್ಟುಕೊಂಡಿರುವ ಕಂಪನಿಗಳು ಅದನ್ನು ಮತ್ತೊಮ್ಮೆ ಕೂತು ನೋಡಬೇಕು.

ಕೊನೆಗೆ ಚರ್ಚೆ ಬ್ಯಾಂಕಿನಿಂದ ಸಪ್ಲೈಯರ್ ಕಡೆ ತಿರುಗಿತು. 13.245%ರಲ್ಲಿ ಲೈನ್ ಪಾಸಾಗಬೇಕಾದರೆ ಬೆಲೆ 18.6 ಕೋಟಿಗೆ ಇಳಿಯಬೇಕು, ಇಲ್ಲವೇ ವರ್ಷದ ಲಾಭ 4 ಕೋಟಿಯಿಂದ 4.3 ಕೋಟಿಗೆ ಏರಬೇಕು. ಹೋಲಿಸಿ ನೋಡಿದರೆ, ಬ್ಯಾಂಕಿನ ಹತ್ತಿರ ಚೌಕಾಸಿ ಮಾಡಿ ಬಡ್ಡಿಯನ್ನು ಅರ್ಧ ಪರ್ಸೆಂಟ್ ಇಳಿಸಿಕೊಂಡರೆ ಈ ಲೆಕ್ಕದಲ್ಲಿ ಏನೂ ಸುಧಾರಿಸುವುದಿಲ್ಲ. ಬಡ್ಡಿ ಇಳಿದರೆ ತೆರಿಗೆ ಉಳಿತಾಯವೂ ಇಳಿಯುತ್ತದೆ, 14% ಅಲ್ಲೇ ಇರುತ್ತದೆ. ಕೊಟೇಶನ್ನಿನಲ್ಲಿ ಹೊಸ ಸ್ಯಾಂಡ್ ಪ್ಲಾಂಟ್ ಕೂಡ ಸೇರಿತ್ತು. ಹಳೆಯದನ್ನೇ ರಿಪೇರಿ ಮಾಡಿಸಿ ಹೊಸ ಲೈನಿಗೆ ಜೋಡಿಸಿದರೆ ಎಷ್ಟು ಇಳಿಯುತ್ತದೆ, ಅದರಿಂದ ರಿಜೆಕ್ಷನ್ ಎಷ್ಟು ಏರಬಹುದು ಅಂತ ವರ್ಕ್ಸ್ ಮ್ಯಾನೇಜರ್ ಲೆಕ್ಕ ಕೊಡಬೇಕು. 18.6 ಕೋಟಿಗಿಂತ ಕಡಿಮೆಯ ಕೊಟೇಶನ್ ಬಂದು, ಲಾಭದ ಅಂದಾಜು 4 ಕೋಟಿಯಲ್ಲೇ ನಿಂತರೆ ಆರ್ಡರ್ ಹಾಕುವುದು ಅಂತ ಬೋರ್ಡ್ ಮೀಟಿಂಗಿನ ನಡಾವಳಿಯಲ್ಲಿ ಬರೆಸಿದರು. ಅದರ ಕೆಳಗೇ ಒಟ್ಟು ಸಾಲ 30%ಗೆ ಮರಳುವ ತನಕ ಫರ್ನೇಸಿಗೆ ಹೊಸ ಸಾಲ ಎತ್ತುವುದಿಲ್ಲ ಅಂತಲೂ ಸೇರಿಸಿದರು.